ಗೋಡೆಯ ಮೇಲಿನ ಏಳುನೂರ ಐವತ್ತೇಳು

ಹಳೆಯ ವಿದ್ಯಾರ್ಥಿಗಳು ಕೂಡಿದಾಗಲೆಲ್ಲ, ನಮ್ಮ ಕಾಲದಲ್ಲಿ ಪ್ರಯೋಗವೆಂದರೆ ಪ್ರಯೋಗವೇ ಆಗಿತ್ತು ಎಂಬ ಮಾತು ಕೇಳಿಬರುತ್ತದೆ. ನಾನು ಒಪ್ಪುವುದಿಲ್ಲ. ಎಪ್ಪತ್ತರ ದಶಕದ ಚಿತ್ರದುರ್ಗದಲ್ಲಿ, ನಾನು ಕಂಡ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಉತ್ತರ ಮೊದಲು ಬರುತ್ತಿತ್ತು, ಪ್ರಯೋಗ ಆಮೇಲೆ. ಆದರೂ ಕಡಪ ಕಲ್ಲಿನ ಆ ಮೇಜುಗಳು, ಕಿಟಕಿಯಾಚೆಯ ಕೋಟೆಯ ಬಂಡೆಗಳು, ಮೂಗಿಗೆ ಚುಚ್ಚುವ ಆಮ್ಲದ ವಾಸನೆ ಈಗಲೂ ನನ್ನನ್ನು ಕರೆಯುತ್ತವೆ.

ನಾನಾಗ ಹೊಸದುರ್ಗದ ಕಡೆಯ ಪ್ರಾಥಮಿಕ ಶಾಲೆಯ ಮೇಷ್ಟ್ರು. ವಾಚನಾಲಯದ ಪುಸ್ತಕಗಳಿಂದ ಬಹುಪಾಲು ನಾನೇ ಕಲಿತುಕೊಂಡವನು. ತಡವಾಗಿ ಬಿ.ಎಸ್ಸಿ. ಸೇರಿದ್ದೆ, ಸಂಬಳವಿಲ್ಲದ ರಜೆಯ ಮೇಲೆ. ಪ್ರಯೋಗದ ರೆಕಾರ್ಡಿಗೆ ಅಧ್ಯಾಪಕರ ಸಹಿ ಬೀಳದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಪರೀಕ್ಷೆ ತಪ್ಪಿದರೆ ಹೈಸ್ಕೂಲು ಮೇಷ್ಟ್ರಾಗುವ ಕನಸು ಬಿಟ್ಟು ಮತ್ತೆ ಒಂದನೇ ತರಗತಿಗೇ.

ಆ ದಿನದ ಕೆಲಸ ಮೆಗ್ನೀಸಿಯಂನ ಸಮಾನ ಭಾರ, ಅಂದರೆ ಸುಮಾರು ಒಂದು ಗ್ರಾಂ ಜಲಜನಕವನ್ನು ಬಿಡಿಸಬಲ್ಲ ಲೋಹದ ತೂಕ, ಕಂಡುಹಿಡಿಯುವುದು. ತೂಗಿದ ಪಟ್ಟಿಯನ್ನು ಆಮ್ಲದಲ್ಲಿ ಕರಗಿಸಿ, ಹೊಮ್ಮುವ ಜಲಜನಕವನ್ನು ನೀರು ತುಂಬಿ, ನೀರಿನ ಜಾಡಿಯೊಳಗೆ ಬೋರಲು ಹಾಕಿದ ಗಾಜಿನ ಕೊಳವೆಯಲ್ಲಿ ಹಿಡಿಯಬೇಕು. ಕೊಳವೆಯ ಒಳಗಿನ ನೀರಿನ ಮಟ್ಟ ಹೊರಗಿನದಕ್ಕೆ ಸಮನಾದಾಗ, ಒಳಗಿನ ಒಟ್ಟು ಒತ್ತಡ ಹೊರಗಿನ ಗಾಳಿಯ ಒತ್ತಡದಷ್ಟೇ. ಆದರೆ ಅದು ಜಲಜನಕವೊಂದರದೇ ಅಲ್ಲ; ನೀರಿನ ಆವಿಗೂ ಅದರಲ್ಲಿ ಪಾಲುಂಟು. ಆ ಪಾಲನ್ನು ಕಳೆದರೆ ಉಳಿಯುವುದು ಜಲಜನಕದ ಆಂಶಿಕ ಒತ್ತಡ.

ಪ್ರಯೋಗಾಲಯದ ವಾಯುಭಾರ ಮಾಪಕದ ಪಾದರಸ ಎಂದೋ ಸೋರಿಹೋಗಿತ್ತು. ಗೋಡೆಯ ಮೇಲೆ ಮಾತ್ರ, ವಾತಾವರಣದ ಒತ್ತಡ ೭೫೭ ಮಿ.ಮೀ. ಎಂದು ಯಾರೋ ಬಣ್ಣದಲ್ಲಿ ಬರೆದಿದ್ದರು. ಎಲ್ಲರೂ ಅದನ್ನೇ ಬಳಸುತ್ತಿದ್ದರು. ನನ್ನ ಲೆಕ್ಕ ಹನ್ನೊಂದೂ ಚಿಲ್ಲರೆಗೆ ನಿಂತಿತು. ಪುಸ್ತಕದಲ್ಲಿದ್ದ ಉತ್ತರ ಹನ್ನೆರಡಕ್ಕಿಂತ ತುಸು ಹೆಚ್ಚು. ಪಕ್ಕದ ಮೇಜಿನ, ಚಿಕ್ಕಜಾಜೂರಿನ ಹುಡುಗ, ರೈಲ್ವೆ ನೌಕರರ ಮಗ, ನನ್ನ ಹಾಳೆ ನೋಡಿ ನಕ್ಕ.

“ಜಲಜನಕ ನಾಕು ಮಿಲಿ ಕಮ್ಮಿ ಬರ್ಕಳ್ರಿ ಮೇಷ್ಟ್ರೇ, ಗಾಡಿ ಟೈಮಿಗೆ ಸರಿಯಾಗಿ ಬರ್ತೈತೆ.”

ನಾನು ಬರೆದುಕೊಳ್ಳಲಿಲ್ಲ. ಹೊಳಲ್ಕೆರೆಯ ಕಡೆಯವರಾದ ಅಧ್ಯಾಪಕರು ನನ್ನ ರೆಕಾರ್ಡನ್ನು ಸಹಿಯಿಲ್ಲದೆ ಹಿಂದಿರುಗಿಸಿದರು. ಆವಿಯ ಪಾಲು ಕಳೆಯುವುದನ್ನು ಮರೆತಿರಬೇಕೆಂದು ಅವರ ಊಹೆ. ಕಳೆದದ್ದನ್ನು ತೋರಿಸಿದೆ: ನೀರು ಇಪ್ಪತ್ತೇಳು ಡಿಗ್ರಿ, ಆವಿಯ ಒತ್ತಡ ಇಪ್ಪತ್ತೇಳು ಮಿ.ಮೀ. ಸಮೀಪ. ಮತ್ತೆರಡು ಸಲ ಮಾಡಿದರೂ ಉತ್ತರ ಕದಲಲಿಲ್ಲ.

ಆಗ ನಾನು ಲೆಕ್ಕವನ್ನು ಉತ್ತರದಿಂದ ಹಿಂದಕ್ಕೆ ಹಾಕಿದೆ. ಪುಸ್ತಕದ ಉತ್ತರವೂ ಗೋಡೆಯ ಒತ್ತಡವೂ ಎರಡೂ ನಿಜವಾದರೆ, ಆವಿಯ ಪಾಲು ಎಂಬತ್ತೇಳರಷ್ಟು ಇರಬೇಕು. ಅಂದರೆ ನೀರು ಐವತ್ತು ಡಿಗ್ರಿಯ ಹತ್ತಿರ ಕಾದಿರಬೇಕು. ಅಧ್ಯಾಪಕರನ್ನು ಕರೆದು, ಜಾಡಿಯೊಳಗೆ ಬೆರಳಿಟ್ಟು ನೋಡಬೇಕೆಂದು ಕೇಳಿಕೊಂಡೆ. ಅವರು ಇಟ್ಟರು. ನೀರು ತಣ್ಣಗಿತ್ತು. ಬೆರಳನ್ನು ತೆಗೆಯದೆಯೇ ಗೋಡೆಯ ಕಡೆ ತಿರುಗಿದರು.

“ಅದನ್ನ ಬರೆದೋರು ಯಾರೋ ನಂಗೂ ಗೊತ್ತಿಲ್ಲ. ನಾನಿಲ್ಲಿ ಓದುವಾಗ್ಲೂ ಇತ್ತು,” ಎಂದರು. ಬೆರಳನ್ನು ಒರೆಸಿಕೊಂಡು, “ನಡೀರಿ, ಕೇಳ್ಕಂಡು ಬರಾಣ.”

ಸಂಜೆ ಸೈಕಲ್ ತಳ್ಳಿಕೊಂಡು ಊರಿನ ಹವಾಮಾನ ವೀಕ್ಷಣಾಲಯಕ್ಕೆ ಹೋದೆವು. ಗೋಡೆಯ ಸಂಖ್ಯೆಯನ್ನು ಕೇಳಿದ ಅಲ್ಲಿನ ಹಿರಿಯರು, ಅದು ರೇಡಿಯೊ ವಾರ್ತೆಯ ಸಂಖ್ಯೆಯಿರಬೇಕೆಂದರು. ಬೇರೆ ಬೇರೆ ಎತ್ತರದ ಊರುಗಳನ್ನು ಹೋಲಿಸಲು ಪ್ರತಿ ಊರಿನ ಒತ್ತಡವೂ ಸಮುದ್ರಮಟ್ಟದಲ್ಲಾದರೆ ಎಷ್ಟಿರುತ್ತಿತ್ತೆಂದು ಲೆಕ್ಕ ಹಾಕಿಯೇ ಕಳುಹಿಸುತ್ತಾರಂತೆ.

“ದುರ್ಗದಾಗೆ ಸಮುದ್ರ ಎಲ್ಲೈತೆ ಸ್ವಾಮಿ? ಇಲ್ಲಿ ಇರೋದು ಇದು,” ಎಂದು ಪಾದರಸದ ಕಂಬವನ್ನು ತೋರಿಸಿದರು. ನಾನು ಕೊಳವೆಯ ಅಳತೆ ತೆಗೆದ ವೇಳೆಗೆ ಅವರು ಬರೆದಿಟ್ಟಿದ್ದ ಒತ್ತಡ ಏಳುನೂರಕ್ಕೆ ಮೂರು ಕಡಿಮೆ.

ಅಲ್ಲೇ ಕಟ್ಟೆಯ ಮೇಲೆ ಕುಳಿತು ಲೆಕ್ಕ ಹಾಕಿದೆವು. ಜಲಜನಕದ ಪಾಲು ಆರುನೂರ ಎಪ್ಪತ್ತು. ಉತ್ತರ ಹನ್ನೆರಡೂಕಾಲಿಗೆ ಕೊಂಚ ಒಳಗೆ. ಅಧ್ಯಾಪಕರು ಮೋಲ್ ಭಿನ್ನರಾಶಿಯನ್ನೂ ಬರೆಸಿದರು: ಒಟ್ಟು ಒತ್ತಡದಲ್ಲಿ ಜಲಜನಕದ ಪಾಲೆಷ್ಟೋ, ಅಣುಗಳ ಎಣಿಕೆಯಲ್ಲೂ ಅಷ್ಟೇ. ನೂರು ಅಣುಗಳಲ್ಲಿ ತೊಂಬತ್ತಾರು ಜಲಜನಕ, ನಾಲ್ಕು ನೀರು. ಆಮೇಲೆ ನನ್ನ ಪೆನ್ನಿನಿಂದಲೇ ಸಹಿ ಹಾಕಿದರು.

ಮರುದಿನ ಗೋಡೆಯ ಅಕ್ಷರಗಳ ಮೇಲೆ ಸುಣ್ಣ ಬಿದ್ದಿತ್ತು. ಹೊಸ ಸಂಖ್ಯೆ ಬರೆಸೋಣವೇ ಎಂದು ಚಿಕ್ಕಜಾಜೂರಿನ ಹುಡುಗ ಕೇಳಿದ್ದಕ್ಕೆ ಅಧ್ಯಾಪಕರು ಬೇಡವೆಂದರು. ಅಂದಿನಿಂದ ಪ್ರಯೋಗವಿದ್ದ ದಿನ ನಮ್ಮಲ್ಲೊಬ್ಬರು ವೀಕ್ಷಣಾಲಯಕ್ಕೆ ಹೋಗಿ ಅಳತೆ ತರುವುದು ವಾಡಿಕೆಯಾಯಿತು. ಬಹುತೇಕ ನಾನೇ ಹೋಗುತ್ತಿದ್ದೆ. ಆ ಹಿರಿಯರ ಚಹಾ ಚೆನ್ನಾಗಿರುತ್ತಿತ್ತು.

ಪರೀಕ್ಷೆ ಪಾಸಾಗಿ, ಮುಂದೆ ಹಿರಿಯೂರಿನ ಹೈಸ್ಕೂಲಿಗೆ ಹೋದೆ. ದುರ್ಗಕ್ಕಿಂತ ಹಿರಿಯೂರು ತಗ್ಗು. ಗಾಳಿಯ ಭಾರ ತುಸು ಹೆಚ್ಚು. ಹಾಗಾಗಿ ದುರ್ಗದ ಸಂಖ್ಯೆಯನ್ನು ಅಲ್ಲಿಗೆ ಒಯ್ಯಲಿಲ್ಲ. ಒಂದು ವಾಯುಭಾರ ಮಾಪಕ ಬೇಕೆಂದು ಮೊದಲ ವಾರವೇ ಮುಖ್ಯೋಪಾಧ್ಯಾಯರ ಎದುರು ಹೋಗಿ ನಿಂತೆ.