ಎರಡು ಗ್ರೈಂಡರ್, ಒಬ್ಬ ತಮ್ಮ

ನನ್ನ ಬ್ಲಾಗಿಗೆ ಬರುವವರು ನನ್ನ ಬರವಣಿಗೆಯ ಸೊಗಸು ನೋಡಲು ಬರುವುದಿಲ್ಲ. ಇದಾ, ಅದಾ, ಬೇಗ ಹೇಳಿ ಎನ್ನಲು ಬರುತ್ತಾರೆ. ಎರಡು ಕುಕ್ಕರ್, ಎರಡು ಮಿಕ್ಸಿ, ಎರಡು ತವಾ. ಸಂಜಯನಗರದ ನಮ್ಮ ಎರಡನೇ ಮಹಡಿಯ ಅಡುಗೆಮನೆಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು, ಒಂದೇ ಡಬ್ಬಿಯ ಬೇಳೆ, ಒಂದೇ ನಲ್ಲಿಯ ನೀರು ಹಾಕಿ, ಒಂದೇ ದಿನ ಪರೀಕ್ಷೆ ಮಾಡಿ ಬರೆಯುತ್ತೇನೆ. ಯಾವ ಕಂಪನಿಯೂ ನನ್ನನ್ನು ಕೊಂಡುಕೊಂಡಿಲ್ಲ ಅನ್ನುವ ಜಂಬ ನನಗಿದೆ. ಈಗ ಹೇಳಹೊರಟಿರುವುದಕ್ಕೆ ಆ ಜಂಬವೇ ಮೂಲ.

ಒಂದು ಬೆಳಿಗ್ಗೆ ಊರಾಚೆಯ ಮಾಕಳಿಯಿಂದ ಒಬ್ಬ ಹೆಂಗಸು ವಾಯ್ಸ್ ಮೆಸೇಜ್ ಕಳಿಸಿದ್ದರು. ಮನೆಯಲ್ಲೇ ದೋಸೆಹಿಟ್ಟು ರುಬ್ಬಿ ಅಕ್ಕಪಕ್ಕದ ಮನೆಗಳಿಗೆ ಕೊಡುತ್ತಾರೆ. ವಯಸ್ಸು ಐವತ್ತು ದಾಟಿರಬಹುದು, ಧ್ವನಿಯಲ್ಲಿ ಸಂಕೋಚ.

"ಮೇಡಂ, ಇಂಗೆ ಕೇಳ್ತೀನಿ ಅಂತ ತಪ್ಪು ತಿಳ್ಕೋಬ್ಯಾಡಿ. ನಂಗೆ ಬಲಗಡೆ ಭುಜ ಇಡ್ಕೊಂಡೈತೆ. ಕೈ ಎದೆ ಮ್ಯಾಕೆ ಬರಾಕಿಲ್ಲ. ಅಳೇ ಗ್ರೈಂಡರು ಕೆಟ್ಟೋಯ್ತು. ಅಂಗಡೀಲಿ ಎರಡು ತೋರಿಸ್ತಾವ್ರೆ. ದಿನಾ ಪಾತ್ರೆ ತುಂಬಾ ಆಕಿ ರುಬ್ಬೋದು ನಾನು. ಯಾವ್ದು ತಗೊಳ್ಲಿ ಯೋಳಿ."

ಜೊತೆಗೆ ಎರಡು ಫೋಟೋ. ಮೊದಲನೆಯದು ಸಾಮಾನ್ಯ ಟೇಬಲ್ ಟಾಪ್ ಗ್ರೈಂಡರ್: ರುಬ್ಬಿದ ಮೇಲೆ ಗುಂಡುಕಲ್ಲುಗಳನ್ನು ತೆಗೆದು, ಪಾತ್ರೆಯನ್ನೇ ಎತ್ತಿ ಹಿಟ್ಟು ಬಗ್ಗಿಸಿಕೊಳ್ಳಬೇಕು. ಪಾತ್ರೆಯ ತಳವೂ ಕಲ್ಲೇ, ಬರಿದಾಗಿದ್ದರೂ ತೂಕ. ಎರಡನೆಯದು ಟಿಲ್ಟಿಂಗ್: ಕಲ್ಲು ತೆಗೆದು ಹಿಡಿಕೆ ಎಳೆದರೆ ಪಾತ್ರೆ ತಾನೇ ಮುಂದಕ್ಕೆ ವಾಲುತ್ತದೆ, ಹಿಟ್ಟು ಕೆಳಗಿಟ್ಟ ಡಬ್ಬಿಗೆ ಜಾರುತ್ತದೆ. ಬೆಲೆ ಹೆಚ್ಚು, ಜಾಗ ಹೆಚ್ಚು.

ಆ ಎರಡನೆಯ ಫೋಟೋವನ್ನು ದೊಡ್ಡದು ಮಾಡಿ ಕಂಪನಿಯ ಹೆಸರು ಓದಿದೆ. ಯಶವಂತಪುರದ ಒಂದು ಅಂಗಡಿಯಲ್ಲಿ ನನ್ನ ತಮ್ಮ ನಿಂತು ಮಾರುವುದು ಅದೇ ಕಂಪನಿಯ ಗ್ರೈಂಡರ್. ಕಂಪನಿಯ ಅಂಗಿ ತೊಟ್ಟು, ಬಂದವರಿಗೆಲ್ಲ ಹಿಡಿಕೆ ಎಳೆದು ತೋರಿಸುವುದೇ ಅವನ ಕೆಲಸ.

ಇದಕ್ಕೆ ಮೊದಲು ಒಂದು ಸೀಮಂತದ ಊಟದ ಪಂಕ್ತಿಯಲ್ಲಿ ಚಿಕ್ಕಮ್ಮನ ಮಗಳು ಎಲ್ಲರಿಗೂ ಕೇಳುವ ಹಾಗೆ ಅಂದಿದ್ದಳು, "ಅಕ್ಕ ಬರೀತಾಳೆ, ತಮ್ಮ ಮಾರ್ತಾನೆ, ಒಳ್ಳೇ ಬಿಸಿನೆಸ್ ಕಣ್ರೇ." ಎಲ್ಲರೂ ನಕ್ಕರು, ನಾನೂ ನಕ್ಕೆ. ಮೈಯೆಲ್ಲ ಉರಿದುಹೋಗಿತ್ತು. ಅಲ್ಲಿಯವರೆಗೆ ತಮ್ಮ ಮಾರುವ ವಸ್ತುವಿನ ಬಗ್ಗೆ ನಾನು ಒಂದಕ್ಷರವೂ ಬರೆದಿರಲಿಲ್ಲ, ಆಮೇಲಂತೂ ಬರೆಯಲೇಬಾರದು ಅಂದುಕೊಂಡಿದ್ದೆ. ಈಗ ಮಾಕಳಿಯವರು ನೇರವಾಗಿ ಕೇಳಿಬಿಟ್ಟರು.

ಎತ್ತುವ ಗ್ರೈಂಡರನ್ನು ನಾನೇ ಕೊಂಡೆ, ಮನೆಗೆ ಹೇಗೂ ಬೇಕಿತ್ತು. ಇನ್ನೊಂದಕ್ಕೆ ತಮ್ಮನಿಗೆ ಫೋನ್ ಮಾಡಿ, ಮಾಕಳಿಯವರ ವಿಷಯವೆಲ್ಲ ಹೇಳಿ, ಅಂಗಡಿಯ ಡೆಮೋ ಪೀಸ್ ನಾಲ್ಕು ದಿನ ಕೊಡುತ್ತೀಯಾ ಅಂತ ಕೇಳಿದೆ.

"ಹಳೇ ಡೆಮೋ ಪೀಸ್ ಬೇಡ ಅಕ್ಕ. ಅದರ ಕಲ್ಲು ರುಬ್ಬಿ ರುಬ್ಬಿ ಪಳಗಿದೆ. ನೀನ್ ತಂದಿರೋದು ಹೊಸದು. ನಮ್ದೇ ನುಣ್ಣಗೆ ರುಬ್ಬತ್ತೆ, ನಿನ್ ಗ್ರೈಂಡರ್‌ಗೆ ಮೋಸ ಆಗತ್ತೆ. ಹೊಸ ಡೆಮೋ ಪೀಸ್ ಬಂದಿದೆ, ಪೆಟ್ಟಿಗೆ ಒಡೆದಿಲ್ಲ. ಓನರ್‌ಗೆ ಹೇಳಿ ಅದನ್ನೇ ತರ್ತೀನಿ."

ತಂದು ಅಡುಗೆಕಟ್ಟೆಯ ಮೇಲಿಟ್ಟು, ಕಾಫಿ ಕುಡಿದು ಹೋದ. ಚೆನ್ನಾಗಿ ಬರಿ ಅಂತ ಒಂದು ಮಾತೂ ಹೇಳಲಿಲ್ಲ. ಹೇಳಿದ್ದರೆ ಜಗಳವಾಡಿ ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದೆನೋ ಏನೋ.

ಎರಡರಲ್ಲೂ ಮೊದಲು ನೆನೆಸಿದ ಅಕ್ಕಿ ಹಾಕಿ ಓಡಿಸಿ, ಕಲ್ಲಿನ ಪುಡಿ ಹೋಗುವವರೆಗೆ ಚೆಲ್ಲಿದೆ. ಆಮೇಲೆ ಒಟ್ಟಿಗೆ ನೆನೆಸಿದ ಉದ್ದಿನಬೇಳೆಯನ್ನು ಎರಡು ಪಾಲು ಮಾಡಿ ರುಬ್ಬಿದೆ. ಹಿಟ್ಟು ಎರಡರಲ್ಲೂ ಒಂದೇ ಹದಕ್ಕೆ ಉಬ್ಬಿತು. ಮರುದಿನದ ಇಡ್ಲಿಯನ್ನು ಯಾವುದು ಯಾವುದರದ್ದು ಅಂತ ಹೇಳದೆ ಮನೆಯವರಿಗೆ ಬಡಿಸಿದರೆ, ಎರಡನ್ನೂ ತಿಂದು ಚಟ್ನಿಯಲ್ಲಿ ಉಪ್ಪು ಕಡಿಮೆ ಅಂದರು. ಅಂದರೆ ರುಬ್ಬುವುದರಲ್ಲಿ ವ್ಯತ್ಯಾಸವೇ ಇಲ್ಲ. ಹಿಟ್ಟು ಹೊರಗೆ ತೆಗೆಯುವುದು, ತೊಳೆಯುವುದು, ಇಡಲು ಬೇಕಾಗುವ ಜಾಗ, ಬೆಲೆ, ಇಷ್ಟರಲ್ಲೇ ತೀರ್ಪು ಕೊಡಬೇಕು.

ನಾನು ಬರೆದ ಕರಡು ಹೇಗಿತ್ತೆಂದರೆ, ತಮ್ಮನ ಗ್ರೈಂಡರ್ ಬಗ್ಗೆ ಅದರ ಮಲತಾಯಿ ಬರೆದ ಹಾಗಿತ್ತು. ಭಾರ, ಕಟ್ಟೆಯ ಅರ್ಧ ಜಾಗ ತಿನ್ನುತ್ತದೆ, ಪಾತ್ರೆಯನ್ನು ಸಿಂಕಿಗೆ ಒಯ್ಯಲಾಗದು, ಬೆಲೆ ಜಾಸ್ತಿ. ಎಲ್ಲ ನಿಜ. ಆದರೆ ಎತ್ತುವ ಗ್ರೈಂಡರಿನ ಕಲ್ಲುತಳದ ಭಾರವನ್ನು ಅದೇ ಕರಡಿನಲ್ಲಿ "ಗಟ್ಟಿಮುಟ್ಟು" ಅಂತ ಬರೆದಿದ್ದೆ. ಪ್ರತಿ ಸಲ ಕರಡು ಮುಗಿದ ಮೇಲೆ ಎರಡು ವಸ್ತುಗಳ ಹೆಸರನ್ನು ಅದಲುಬದಲು ಮಾಡಿ ಓದುವುದು ನನ್ನ ಅಭ್ಯಾಸ. ಒಂದಕ್ಕೆ ಬೈಗುಳವಾದ ಮಾತು ಇನ್ನೊಂದಕ್ಕೆ ಹೊಗಳಿಕೆಯಾಗಿದ್ದರೆ ಆಗ ಸಿಕ್ಕಿಬೀಳುತ್ತದೆ. ಈ ಸಲ ಹಾಗೆ ಓದಲಿಲ್ಲ. ಮರೆತಿರಲಿಲ್ಲ, ಬೇಕೆಂದೇ ಬಿಟ್ಟೆ.

ಇನ್ನೂ ಕೆಟ್ಟ ಕೆಲಸ ಒಂದಿದೆ. ಪರೀಕ್ಷೆ ಮಾಡಿದ್ದು ನಮ್ಮ ಮನೆಯ ಅಳತೆಯಲ್ಲಿ, ಅರ್ಧ ಪಾತ್ರೆ. ಅಷ್ಟಾದರೆ ಪಾತ್ರೆ ಎತ್ತಿ ಬಗ್ಗಿಸುವುದು ದೊಡ್ಡ ವಿಷಯವಲ್ಲ. ಕೇಳಿದಾಕೆ ದಿನವೂ ತುಂಬ ಹಾಕುತ್ತಾರೆ ಅನ್ನುವುದು ನನಗೆ ಗೊತ್ತಿತ್ತು. ತುಂಬ ಹಾಕಿದರೆ ಏನಾಗುತ್ತದೆ ಅನ್ನುವುದೂ ಗೊತ್ತಿತ್ತು. ಅದಕ್ಕೇ ಹಾಕಲಿಲ್ಲ.

ಭಾನುವಾರ ಮಧ್ಯಾಹ್ನ ತಮ್ಮ ಗ್ರೈಂಡರ್ ವಾಪಸ್ ಒಯ್ಯಲು ಬಂದ. ಲ್ಯಾಪ್‌ಟಾಪ್ ಊಟದ ಮೇಜಿನ ಮೇಲೆ ತೆರೆದೇ ಇತ್ತು. ಓದಲೇ ಅಂತ ಕೇಳಿ, ನಿಂತುಕೊಂಡೇ ಪೂರ್ತಿ ಓದಿದ. ನಾನು ಸುಮ್ಮನೆ ಒಗ್ಗರಣೆ ಡಬ್ಬಿ ಒರೆಸುತ್ತಿದ್ದೆ.

"ಅಕ್ಕ, ನಾನ್ ಮಾರ್ತೀನಿ ಅನ್ನೋದ್ ಒಂದು ಬಿಟ್ರೆ ಇದ್ರಲ್ಲಿ ಬೇರೆ ಏನ್ ತಪ್ಪಿದೆ?" ಅಂದ. ಗ್ರೈಂಡರ್ ಕಡೆ ಕೈ ತೋರಿಸುತ್ತಿದ್ದ. ಕೋಪವಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ ಹಾಗಿತ್ತು.

"ಇರೋದನ್ನೇ ಬರ್ದಿದೀನಿ."

"ಆ ಮಾಕಳಿಯವ್ರು ಫುಲ್ ಹಾಕ್ತಾರೆ ಅಂದಿದ್ಯಲ್ಲ. ಫುಲ್ ಹಾಕಿ ಎತ್ತಿ ನೋಡಿದ್ಯಾ?"

"ನೋಡ್ದೆ," ಅಂದುಬಿಟ್ಟೆ.

"ಹಾಗಾದ್ರೆ ಸರಿ ಬಿಡು," ಅಂದು ಪ್ಲಗ್ ತೆಗೆದು ವೈರು ಸುತ್ತತೊಡಗಿದ. ಚಿಕ್ಕಂದಿನಲ್ಲಿ ನನ್ನ ಸುಳ್ಳುಗಳನ್ನೆಲ್ಲ ಮೊದಲು ನಂಬುತ್ತಿದ್ದವನು ಅವನೇ. ವೈರು ಸುತ್ತಿ ಮುಗಿಸುವಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ.

"ಇನ್ನೊಂದೆರಡು ದಿನ ಇರ್ಲಿ ಬಿಡೋ," ಅಂದೆ.

ಅವನು ಸುತ್ತಿದ್ದ ವೈರನ್ನು ಬಿಚ್ಚಿ, ಬರಿಗೈಯಲ್ಲಿ ಬಸ್ಸಿಗೆ ಹೋದ.

ಮರುದಿನ ಬೆಳಿಗ್ಗೆ ಎರಡಕ್ಕೂ ಪಾತ್ರೆ ತುಂಬ ಹಾಕಿ ರುಬ್ಬಿದೆ. ಬಲಗೈಯನ್ನು ಎದೆಗಿಂತ ಮೇಲೆ ತರಬಾರದು ಅಂತ ನನಗೆ ನಾನೇ ಕಟ್ಟು ಹಾಕಿಕೊಂಡು, ಪಾತ್ರೆ ಎತ್ತಲು ಹೋದೆ. ಎಡಗೈಗೆ ಎಲ್ಲ ಭಾರ ಬಿತ್ತು, ಪಾತ್ರೆ ಓರೆಯಾಯಿತು, ಹಿಟ್ಟು ಕಟ್ಟೆಯ ಮೇಲಿಂದ ನೆಲಕ್ಕೆ ಇಳಿಯಿತು. ಎತ್ತದೆ ಸೌಟಿನಲ್ಲಿ ತೋಡಿಕೊಳ್ಳಬಹುದಲ್ಲ ಅಂತ ಅದನ್ನೂ ನೋಡಿದೆ. ಬಹುಪಾಲು ಬರುತ್ತದೆ, ತಳದ್ದು ಬರುವುದಿಲ್ಲ, ಮತ್ತೆ ತೊಳೆಯಲಾದರೂ ಎತ್ತಲೇಬೇಕು. ದಿನಾ. ಪಕ್ಕದ್ದರಲ್ಲಿ ಕಲ್ಲುಗಳನ್ನು ಒಂದೊಂದಾಗಿ ತೆಗೆದು, ಎಡಗೈಯಲ್ಲಿ ಹಿಡಿಕೆ ಎಳೆದೆ. ಹಿಟ್ಟು ಡಬ್ಬಿಗೆ ಇಳಿಯಿತು. ನೀರು ಹಾಕಿ ಒಂದು ಸುತ್ತು ಓಡಿಸಿ, ಹಾಗೇ ವಾಲಿಸಿ ತೊಳೆದೆ. ನೆಲ ಒರೆಸುತ್ತಾ ಕೂತಾಗ, ನಾನು ಎಂಥವಳಾಗಿಬಿಟ್ಟಿದ್ದೆ ಅಂತ ಅಳು ಬಂತು. ಯಾರದೋ ಬಾಯಿ ಮುಚ್ಚಿಸಲು ಮುಖ ಕಾಣದ ಒಬ್ಬ ಹೆಂಗಸಿನ ಭುಜವನ್ನು ಅಡವಿಡಲು ಹೊರಟಿದ್ದೆ.

ಕರಡನ್ನು ಅಳಿಸಿ ಹೊಸದಾಗಿ ಬರೆದೆ. ಇಬ್ಬರು ಮೂವರ ಮನೆ, ಕಡಿಮೆ ರುಬ್ಬುವವರು, ಕಟ್ಟೆ ಚಿಕ್ಕದಿರುವವರು ಎತ್ತುವುದನ್ನೇ ಕೊಳ್ಳಿ, ಹೆಚ್ಚು ಹಣ ದಂಡ ಅಂದೆ. ದಿನವೂ ತುಂಬ ರುಬ್ಬುವವರು, ಕೈ, ಭುಜ, ಸೊಂಟ ನೋವಿರುವವರು ಟಿಲ್ಟಿಂಗ್ ಕೊಳ್ಳಿ ಅಂದೆ. ಅರ್ಧ ಪಾತ್ರೆಯಲ್ಲಿ ಕಂಡದ್ದು, ತುಂಬಿದ ಪಾತ್ರೆಯಲ್ಲಿ ಕಂಡದ್ದು ಬೇರೆ ಬೇರೆ ಹೇಳಿದೆ. ಹೆಸರು ಅದಲುಬದಲು ಮಾಡಿ ಎರಡು ಸಲ ಓದಿದೆ. ಕೊನೆಗೆ ಎಲ್ಲಕ್ಕಿಂತ ಮೇಲೆ, ಎದ್ದು ಕಾಣುವ ಹಾಗೆ ಹಾಕಿದೆ: "ಟಿಲ್ಟಿಂಗ್ ಗ್ರೈಂಡರ್ ಮಾರುವವನು ನನ್ನ ತಮ್ಮ. ಪರೀಕ್ಷೆಗೆ ಕೊಟ್ಟವನೂ ಅವನೇ. ಹಾಗಾಗಿ ನನ್ನ ಮಾತನ್ನು ಅನುಮಾನ ಇಟ್ಟುಕೊಂಡೇ ಓದಿ."

ಸಂಜೆ ತಮ್ಮನ ಫೋನ್ ಬಂತು. "ಓದ್ದೆ. ಚೆನ್ನಾಗಿದೆ," ಅಂದ. ಆಮೇಲೆ ಸೇರಿಸಿದ: "ಆ ಅನುಮಾನದ್ ಲೈನ್ ಹಾಕ್ಬೇಕು, ನಂಗೂ ಗೊತ್ತು. ಅಮ್ಮಂಗ್ ಮಾತ್ರ ಅದನ್ನ ಓದಿ ಹೇಳ್ಬೇಡ."

ನಾನು ಹೂಂ ಅಂದೆ. ಆ ಸಾಲು ತಪ್ಪಲ್ಲ, ಈಗಲೂ ತೆಗೆದಿಲ್ಲ. ಆದರೂ "ನನ್ನ ತಮ್ಮ" ಅನ್ನುವುದರ ಪಕ್ಕದಲ್ಲೇ "ಅನುಮಾನ" ಅಂತ ಬರೆದದ್ದು ನನ್ನ ಕೈಯೇ.

ಹತ್ತು ಹದಿನೈದು ದಿನದ ಮೇಲೆ ಮಾಕಳಿಯವರ ಮೆಸೇಜ್ ಬಂತು. "ಮೇಡಂ, ತಾನೇ ಬಗ್ಗೋದೇ ತಗೊಂಡೆ. ನಿಮ್ಮ ತಮ್ಮನ ಅಂಗಡಿಗೆ ಓಗ್ಲಿಲ್ಲ, ಬೇಜಾರ್ ಮಾಡ್ಕೋಬ್ಯಾಡಿ. ನಿಮ್ ಮ್ಯಾಲೆ ಯಾರೂ ಮಾತಾಡಬಾರ್ದು ಅಂತ ಇಲ್ಲೇ ನಮ್ ಕಡೆ ಅಂಗಡೀಲಿ ತಗೊಂಡೆ."

ಓದಿ ನನಗೆ ಎಂಥ ಸಮಾಧಾನವಾಯಿತೆಂದರೆ, ಹೇಳಲು ನಾಚಿಕೆಯಾಗುತ್ತದೆ. ನಾನು ಗೆದ್ದೆ, ನನ್ನ ಹೆಸರಿಗೆ ಕಪ್ಪು ಹತ್ತಲಿಲ್ಲ. ಚಿಕ್ಕಮ್ಮನ ಮಗಳಿಗೆ ಈ ಮೆಸೇಜನ್ನೇ ಕಳಿಸಿಬಿಡೋಣ ಅನ್ನಿಸಿತು. ಪೆಟ್ಟಿಗೆ ಒಡೆದು ತಂದುಕೊಟ್ಟವನಿಗೆ ಒಂದು ಮಾರಾಟವೂ ದಕ್ಕಲಿಲ್ಲ ಅನ್ನುವುದು ಹೊಳೆದದ್ದು ಆಮೇಲೆ. ತಕ್ಷಣ ಫೋನ್ ಮಾಡಿ ಅವನಿಗೆ ಹೇಳಿದೆ, ಕ್ಷಮಿಸು ಅಂದೆ, ನನ್ನಿಂದ ನಿನಗೆ ನಷ್ಟವೇ ಆಯಿತು ಅಂದೆ. ಒಂದಿಷ್ಟು ಬೈದರೆ ಸಾಕು ಅನ್ನುವಂತಿತ್ತು ನನ್ನ ಧ್ವನಿ.

ಅಂಗಡಿಯ ಗಲಾಟೆಯಲ್ಲಿ ಅವನಿಗೆ ಅರ್ಧ ಕೇಳಿಸಿತ್ತೋ ಏನೋ.

"ಎಲ್ ತಗೊಂಡ್ರೇನ್ ಅಕ್ಕ, ಬಿಡು. ಅವ್ರ ಭುಜ ಹೆಂಗಿದೆಯಂತೆ?"

ನಾನು ಅದೊಂದನ್ನು ಕೇಳಿರಲಿಲ್ಲ.