ಸಿ ಗಲ್ಲಿ, ನಾಲ್ಕನೇ ರ‍್ಯಾಕು, ಮೂರನೇ ಖಾನೆ

ಬಳ್ಳಾರಿಯ ಬೈಪಾಸಿನ ಹಿಂದೆ ನೀರಿನ ಮೋಟರುಗಳ ಬಿಡಿಭಾಗ ಇಡುವ ಒಂದು ಗೋದಾಮಿನಲ್ಲಿ ನಾನು ಸ್ಟೋರ್ ಕೀಪರ್ ಆಗಿದ್ದೆ. ಅಲ್ಲಿಂದ ಸಿರುಗುಪ್ಪದಲ್ಲೂ ಕುರುಗೋಡಿನಲ್ಲೂ ಇದ್ದ ನಮ್ಮ ಮಾಲೀಕ ಸಾವಕಾರ್ರ ಅಂಗಡಿಗಳಿಗೆ ದಿನಾ ಮಾಲು ಹೋಗುತ್ತಿತ್ತು. ಸತ್ಯನಾರಾಯಣಪೇಟೆಯ ನಮ್ಮ ಮನೆಯಿಂದ ಸ್ಕೂಟಿಯಲ್ಲಿ ಹೋಗಿ ಬರುತ್ತಿದ್ದೆ. ಆ ಕೆಲಸ ಬಿಟ್ಟಾಗಿದೆ. ಆದರೆ ಆ ವಾರದ ಸಿಟ್ಟು ಈಗಲೂ ಇಳಿದಿಲ್ಲ. ಇಳಿಯಬೇಕು ಅಂತ ನನಗೆ ಅನ್ನಿಸುವುದೂ ಇಲ್ಲ.

ನಾನು ಸೇರಿದಾಗ ಗೋದಾಮು ನಡೆಯುತ್ತಿದ್ದದ್ದು ನೆನಪಿನ ಮೇಲೆ. ಬೇರಿಂಗು ಎಲ್ಲಿ ಅಂದರೆ ‘ದೇವರ ಫೋಟೋದ ಎದುರಿಗೆ’, ಆಯಿಲ್ ಸೀಲು ಎಲ್ಲಿ ಅಂದರೆ ‘ಹಳೇ ಫ್ಯಾನಿನ ಕೆಳಗೆ’. ಫ್ಯಾನು ಕೆಟ್ಟು ಗುಜರಿಗೆ ಹೋಗಿತ್ತು, ಸೀಲಿನ ವಿಳಾಸ ಮಾತ್ರ ಬದಲಾಗಿರಲಿಲ್ಲ. ಮಾಲು ಆರಿಸಿ ತರುವವರು ಇಬ್ಬರಿದ್ದರು. ಒಬ್ಬರು ಕುರುಗೋಡಿನಿಂದ ಬಸ್ಸಿಗೆ ಬರುತ್ತಿದ್ದ ನಲವತ್ತು ದಾಟಿದ ಹೆಂಗಸು. ಎಲ್ಲರೂ ಆಪಾ, ಅಂದರೆ ಅಕ್ಕ ಅನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಇನ್ನೊಬ್ಬ ಸಿರಿಗೇರಿಯವನು, ಗಟ್ಟಿ ಆಳು, ಮಾತು ಕಡಿಮೆ. ಇಬ್ಬರೂ ದಿನದ ಅರ್ಧ ಹೊತ್ತನ್ನು ಹುಡುಕುವುದರಲ್ಲೇ ಕಳೆಯುತ್ತಿದ್ದರು.

ನಾವು ಮೂವರೂ ಕೂತು ಪ್ರತಿ ಖಾನೆಗೂ ಒಂದು ವಿಳಾಸ ಕೊಟ್ಟೆವು. ರ‍್ಯಾಕುಗಳ ನಡುವಿನ ದಾರಿಗೆ ಅವರು ಗಲ್ಲಿ ಅನ್ನುತ್ತಿದ್ದರು, ಅದೇ ಉಳಿಯಿತು: ಎ ಗಲ್ಲಿ, ಬಿ ಗಲ್ಲಿ, ಸಿ ಗಲ್ಲಿ. ಪ್ಯಾಕಿಂಗ್ ಮೇಜಿನ ಕಡೆಯಿಂದ ಒಳಕ್ಕೆ ಹೋದಂತೆ ರ‍್ಯಾಕಿನ ಸಂಖ್ಯೆ ಏರುತ್ತದೆ, ಎಡಕ್ಕೆ ಬೆಸ, ಬಲಕ್ಕೆ ಸರಿ. ನಾಲ್ಕನ್ನು 04 ಅಂತಲೇ ಬರೆಯಬೇಕು, ಇಲ್ಲದಿದ್ದರೆ ಕಂಪ್ಯೂಟರು ಹತ್ತನ್ನು ಎರಡಕ್ಕಿಂತ ಮುಂಚೆ ತಂದು ಕೂರಿಸುತ್ತದೆ. ಖಾನೆಗಳನ್ನು ನೆಲದಿಂದ ಮೇಲಕ್ಕೆ ಎಣಿಸಿದೆವು. ಆಮೇಲೆ ಬೇಕಾದರೆ ಮೇಲೊಂದು ಖಾನೆ ಕೂಡಿಸಬಹುದು, ನೆಲದ ಕೆಳಗೆ ಯಾರೂ ಕೂಡಿಸುವುದಿಲ್ಲ.

ತಲೆ ತಿಂದದ್ದು ಲೇಬಲ್ಲನ್ನು ಎಲ್ಲಿ ಅಂಟಿಸುವುದು ಅನ್ನುವುದು. ಅಂಟಿಸಲು ಇರುವುದು ಎರಡು ಖಾನೆಗಳ ನಡುವಿನ ಕಬ್ಬಿಣದ ಅಡ್ಡಪಟ್ಟಿ ಒಂದೇ. ಅದರ ಮೇಲೆ ಅಂಟಿಸಿದ ಚೀಟಿ ಮೇಲಿನ ಮಾಲಿನದೋ ಕೆಳಗಿನದೋ? ಅದಕ್ಕೆ ಪ್ರತಿ ಲೇಬಲ್ಲಿಗೂ ಬಾಣ ಹಾಕಿಸಿದೆವು. ಮಾಲು ಯಾವ ಪಟ್ಟಿಯ ಮೇಲೆ ಕೂತಿದೆಯೋ ಆ ಪಟ್ಟಿಗೇ ಅದರ ಲೇಬಲ್ಲು, ಬಾಣ ಮೇಲಕ್ಕೆ. ನೆಲದ ಖಾನೆಗೆ ಕೆಳಗೆ ಪಟ್ಟಿ ಇಲ್ಲವಲ್ಲ, ಅದರ ಲೇಬಲ್ಲು ಮಾತ್ರ ಮೊದಲ ಪಟ್ಟಿಯಲ್ಲೇ ಎರಡನೇ ಖಾನೆಯದರ ಪಕ್ಕ, ಬಾಣ ಕೆಳಕ್ಕೆ. ಖಾನೆಗೊಂದರಂತೆ ಲೇಬಲ್ಲಿಗೆ ಬಣ್ಣವನ್ನೂ ಕೊಟ್ಟೆವು. ನೆಲಕ್ಕೆ ಬಿಳಿ, ಎರಡಕ್ಕೆ ಹಳದಿ, ಮೂರಕ್ಕೆ ಹಸಿರು, ನಾಲ್ಕಕ್ಕೆ ನೀಲಿ.

ಅದಾದ ಮೇಲೆ ಹುಡುಕಾಟ ನಿಂತಿತು. ಸಿರುಗುಪ್ಪದ ವ್ಯಾನು ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಹೊರಡತೊಡಗಿತು.

ಒಂದೇ ಕೊರತೆ ಇತ್ತು. ಆರಿಸುವವರ ಕೈಗೆ ಬರುವ ಚೀಟಿಯಲ್ಲಿ ಮಾಲಿನ ಹೆಸರಿನ ಅಂಕಣ ಕಿರಿದಾಗಿತ್ತು. ‘ಬೇರಿಂಗ್ 62’ ಅಂತ ಅಚ್ಚಾಗಿ ಮುಂದಿನ ಅಂಕಿ ಕತ್ತರಿಸಿ ಹೋಗುತ್ತಿತ್ತು. 6205 ಆಗಲಿ 6206 ಆಗಲಿ, ಚೀಟಿಯಲ್ಲಿ ಎರಡೂ ಒಂದೇ. ಹೀಗಾಗಿ ಅವರಿಗೆ ಗತಿ ಇದ್ದದ್ದು ವಿಳಾಸ ಮಾತ್ರ. ಅಂಕಣ ಅಗಲ ಮಾಡಿಸಿ ಅಂತ ಸಾವಕಾರ್ರಿಗೆ ಎಷ್ಟೋ ಸಲ ಹೇಳಿದ್ದೆ. ಕಂಪ್ಯೂಟರಿನವನು ಬಂದಾಗ ನೋಡೋಣ ಅನ್ನುತ್ತಿದ್ದರು. ಅವನು ಬರುತ್ತಿದ್ದ, ಚಹಾ ಕುಡಿದು ಹೋಗುತ್ತಿದ್ದ.

ಹೀಗಿರುವಾಗ ಮೋಟರ್ ಕಂಪನಿಯ ಅಧಿಕಾರಿಗಳು ಗೋದಾಮು ನೋಡಲು ಬರುತ್ತಾರೆ ಅಂತ ಸುದ್ದಿ ಬಂತು. ಸಾವಕಾರ್ರಿಗೆ ರ‍್ಯಾಕುಗಳ ತುಕ್ಕು ಕಣ್ಣಿಗೆ ಚುಚ್ಚತೊಡಗಿತು. ಅದೇ ಹೊತ್ತಿಗೆ ನಮ್ಮ ಅಣ್ಣನ ಮಗಳ ನಿಶ್ಚಿತಾರ್ಥ, ನಾನು ಎರಡು ದಿನ ರಜೆ ಹೇಳಿದ್ದೆ. ಹೋಗುವಾಗ, ಬಣ್ಣ ಹೊಡೆಸುವುದಾದರೆ ನಾನು ಬಂದ ಮೇಲೆ ಹೊಡೆಸಿ, ಲೇಬಲ್ ಕೀಳಿಸಬೇಡಿ ಅಂತ ಬೇಡಿಕೊಂಡೆ. ಆಯ್ತು ಅಂದರು.

ಮೂರನೇ ದಿನ ಬೆಳಿಗ್ಗೆ ಬಂದು ನೋಡಿದರೆ ಎ ಮತ್ತು ಬಿ ಗಲ್ಲಿಯ ರ‍್ಯಾಕುಗಳೆಲ್ಲ ಆಕಾಶನೀಲಿ. ಪೇಂಟರುಗಳು ಲೇಬಲ್ಲನ್ನೆಲ್ಲ ಕಿತ್ತು, ಬಣ್ಣ ಒಣಗಿದ ಮೇಲೆ ಮತ್ತೆ ಅಂಟಿಸಿದ್ದರು. ಮೊದಲ ಪಟ್ಟಿಯಲ್ಲಿ ಎರಡು ಲೇಬಲ್ಲು, ಉಳಿದವುಗಳಲ್ಲಿ ಒಂದೊಂದು ಇದ್ದದ್ದು ಅವರ ಕಣ್ಣಿಗೆ ಚಂದ ಕಾಣಲಿಲ್ಲವಂತೆ. ಪಟ್ಟಿಗೊಂದರಂತೆ ಹಂಚಿಬಿಟ್ಟಿದ್ದರು. ಎರಡನೇ ಖಾನೆಯ ಲೇಬಲ್ಲು ಒಂದು ಪಟ್ಟಿ ಮೇಲೇರಿತ್ತು, ಮೂರನೆಯದು ಇನ್ನೂ ಮೇಲೆ, ನಾಲ್ಕನೆಯದು ರ‍್ಯಾಕಿನ ತುದಿಯ ಪಟ್ಟಿಯಲ್ಲಿ ಕೂತು ಅದರ ಬಾಣ ಮೇಲಿನ ತಗಡನ್ನು ತೋರಿಸುತ್ತಿತ್ತು. ಸಿ ಗಲ್ಲಿಯನ್ನು ಮುಟ್ಟಿರಲಿಲ್ಲ. ಅಧಿಕಾರಿಗಳು ಅಷ್ಟು ಒಳಗೆ ಬರುವುದಿಲ್ಲ ಅಂತ ಸಾವಕಾರ್ರೇ ಬೇಡ ಅಂದಿದ್ದರಂತೆ.

ನಾನು ಬ್ಯಾಗು ಇಡುವ ಮೊದಲೇ ಸಿರುಗುಪ್ಪದ ಅಂಗಡಿಯಿಂದ ಫೋನು ಬಂತು. ಅಲ್ಲೇ ಹತ್ತಿರದ ಕರೂರು ಅನ್ನುವ ಹಳ್ಳಿಯ ಕುಡಿಯುವ ನೀರಿನ ಮೋಟರು ಬಿಚ್ಚಿಟ್ಟು ಕೂತಿದ್ದ ಮೆಕ್ಯಾನಿಕ್ಕಿಗೆ ಹಿಂದಿನ ದಿನ ನಾವು ಕಳಿಸಿದ ಬೇರಿಂಗು ತಪ್ಪು. 6205 ಕೇಳಿದರೆ 6206 ಹೋಗಿತ್ತು. ಡಬ್ಬಿ ತೆರೆದು ಕೂರಿಸಲು ನೋಡಿದರೆ ಅದು ಜಾಗದೊಳಕ್ಕೆ ಇಳಿಯಲೇ ಇಲ್ಲವಂತೆ. ಊರಿನ ಹೆಂಗಸರು ಕೊಡ ಹಿಡಿದು ಹೊಲದ ಬೋರಿಗೆ ನಡೆಯುತ್ತಿದ್ದಾರೆ, ಇನ್ನೂ ಒಂದು ದಿನ ನೀರಿಲ್ಲ ಅಂತ ಅಂಗಡಿಯವರು ಬೈದರು. ಬೈಯುವುದು ನ್ಯಾಯವಾಗಿತ್ತು. ನಾನು ಸರಿಯಾದ ಡಬ್ಬಿಯನ್ನು ಕೈಯಾರೆ ತೆಗೆದು ಸಿರುಗುಪ್ಪದ ಬಸ್ಸಿಗೆ ಕೊಟ್ಟು ಬಂದೆ.

ನಾನು ವಾಪಸು ಬರುವಷ್ಟರಲ್ಲಿ ಸಾವಕಾರ್ರು ಆಪಾರನ್ನು ಪ್ಯಾಕಿಂಗ್ ಮೇಜಿನ ಮುಂದೆ ನಿಲ್ಲಿಸಿಕೊಂಡಿದ್ದರು. ವ್ಯಾನಿನ ಡ್ರೈವರು, ಹಮಾಲರು, ಬಣ್ಣದ ಡಬ್ಬಿ ಎತ್ತಲು ಬಂದ ಪೇಂಟರುಗಳು, ಎಲ್ಲರೂ ನೋಡುತ್ತಿದ್ದರು.

“ಓದಾಕ ಬರಲ್ಲಂದ್ರ ಹೇಳಬೇಕಿತ್ತವ್ವ,” ಅಂದರು ಸಾವಕಾರ್ರು. “ಮೂರು ಯಾವುದು ಎರಡು ಯಾವುದು ತಿಳಿಯಲ್ಲಂದ್ರ ಕಸಾ ಹೊಡಿಯೋ ಕೆಲಸ ಐತಿ, ಅದನ್ನ ಮಾಡು.”

ಆಪಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಿದ್ದರು. ಆಮೇಲೆ ಮೂಲೆಗೆ ಹೋಗಿ ಪೊರಕೆ ತಗೊಂಡರು.

ನನಗೆ ಅರ್ಥವಾಗಲಿಲ್ಲ. ಅವರು ಕೇಳಿದ್ದ 6205 ಇದ್ದದ್ದು ಸಿ-04-3ರಲ್ಲಿ, ಯಾರೂ ಮುಟ್ಟದ ಗಲ್ಲಿಯಲ್ಲಿ. ಅಲ್ಲಿ ಲೇಬಲ್ಲುಗಳೆಲ್ಲ ಸರಿಯಾಗಿಯೇ ಇದ್ದವು. ಆಪಾ ಹಾಗೆ ತಪ್ಪುವವರಲ್ಲ. ಸಿರಿಗೇರಿಯವನನ್ನು ಪಕ್ಕಕ್ಕೆ ಕರೆದು ಕೇಳಿದೆ. ಅವನು ಮೊದಲು ಬೇಡ ಬಿಡ್ರಿ ಅಂದ. ಬಿಡಲಿಲ್ಲ. ಆಗ ಹೇಳಿದ. ಪೇಂಟರುಗಳು ಲೇಬಲ್ ಅಂಟಿಸಿದ ಕೂಡಲೇ, ಬಾಣಗಳೆಲ್ಲ ಒಂದು ಖಾನೆ ಮೇಲೆ ತೋರಿಸುತ್ತಿವೆ, ಮಾಲು ತಪ್ಪುತ್ತದೆ ಅಂತ ಆಪಾ ಹೋಗಿ ಸಾವಕಾರ್ರಿಗೆ ಹೇಳಿದ್ದರಂತೆ. ಅದಕ್ಕೆ ಅವರು, ಬಾಣ ನೋಡಬೇಡ, ಎಲ್ಲಾ ಕಡೆ ಲೇಬಲ್ಲಿನ ಕೆಳಗಿರುವ ಮಾಲನ್ನೇ ತೆಗೆ ಅಂದರಂತೆ.

ಎ ಮತ್ತು ಬಿ ಗಲ್ಲಿಗೆ ಆ ಮಾತು ಸರಿಯಾಗುತ್ತಿತ್ತು. ಸಿ ಗಲ್ಲಿಯಲ್ಲಿ ಮೂರರ ಲೇಬಲ್ಲಿನ ಕೆಳಗಿರುವುದು ಎರಡನೇ ಖಾನೆ, ಅದರಲ್ಲಿದ್ದದ್ದು 6206. ಸಾವಕಾರ್ರು ‘ಎಲ್ಲಾ ಕಡೆ’ ಅಂದದ್ದನ್ನು ಆಪಾ ಎಲ್ಲಾ ಕಡೆ ಅಂತಲೇ ಪಾಲಿಸಿದ್ದರು. ತಪ್ಪು ಮಾಲು ಹೋದದ್ದು ಅವರಿಗೆ ಓದಲು ಬಾರದೆ ಅಲ್ಲ, ಹೇಳಿದ ಹಾಗೆ ಮಾಡಿದ್ದಕ್ಕೆ. ಆ ಮಾತು ಹೇಳಿದವರೇ ಅವರ ಕೈಗೆ ಪೊರಕೆ ಕೊಟ್ಟಿದ್ದರು.

ಸೀದಾ ಆಫೀಸು ರೂಮಿಗೆ ಹೋದೆ. ಲೇಬಲ್ಲಿನ ಕೆಳಗಿನ ಮಾಲು ತೆಗೆ ಅಂತ ಆಪಾಗೆ ಹೇಳಿದ್ದು ನೀವೇನಾ ಅಂತ ಕೇಳಿದೆ. ಸಾವಕಾರ್ರು ಮೊಬೈಲಿನಿಂದ ಕಣ್ಣೆತ್ತದೆ, ಹೇಳಿರಬಹುದು, ಬಣ್ಣ ಹೊಡೆದ ರ‍್ಯಾಕಿನ ಬಗ್ಗೆ ಹೇಳಿದ್ದು, ಅಷ್ಟು ತಿಳಿಯಬಾರದಾ ಅಂದರು. ಡಬ್ಬಿಯ ಮೇಲೆ ನಂಬರು ಇತ್ತಲ್ಲ ಅಂತಲೂ ಸೇರಿಸಿದರು. ಚೀಟಿಯಲ್ಲಿ ನಂಬರು ಅಚ್ಚಾಗದಿದ್ದರೆ ಡಬ್ಬಿಯ ನಂಬರನ್ನು ಯಾವುದಕ್ಕೆ ತಾಳೆ ನೋಡಬೇಕು ಅಂತ ಚೀಟಿಯನ್ನು ಅವರ ಮುಂದಿಟ್ಟೆ. ಓದಿದರು. ಮಡಚಿ ಪಕ್ಕಕ್ಕಿಟ್ಟರು. ನಾಳೆ ಅಧಿಕಾರಿಗಳು ಬಂದು ಹೋಗಲಿ, ಆಮೇಲೆ ಎಲ್ಲ ಸರಿ ಮಾಡೋಣ, ಈಗ ಲೇಬಲ್ ಕಿತ್ತರೆ ಹೊಸ ಬಣ್ಣ ಎದ್ದು ಬರುತ್ತದೆ ಅಂದರು.

“ಹಂಗಂದ್ರ ಇವತ್ತು ಗೋದಾಮಿನಿಂದ ಒಂದು ಡಬ್ಬಿನೂ ಹೊರಗ ಹೋಗಂಗಿಲ್ರಿ,” ಅಂದೆ. “ಚೀಟಿಗೆ ಸಹಿ ಮಾಡಾಕಿ ನಾನು. ಎಲ್ಲಾ ಲೇಬಲ್ ಸರಿಯಾಗೋತನಕ ಸಹಿ ಮಾಡಂಗಿಲ್ಲ.”

ಅವರ ಎದುರು ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಅವರು ಮೊಬೈಲನ್ನು ಜೇಬಿಗಿಟ್ಟುಕೊಂಡು ಎದ್ದರು. ಆಮೇಲೆ ಏನಾರ ಮಾಡ್ಕೊಳ್ರಿ ಅಂತ ಕಾರು ಹತ್ತಿ ಹೋದರು.

ನಾನು ಹೋಗಿ ಆಪಾರ ಕೈಯಿಂದ ಪೊರಕೆ ಇಸಿದುಕೊಂಡೆ. ಎ ಗಲ್ಲಿಯ ಮೊದಲ ರ‍್ಯಾಕಿನಿಂದ ಶುರು ಮಾಡಿದೆವು. ಸಿರಿಗೇರಿಯವನು ಏಣಿ ಹತ್ತಿ ಲೇಬಲ್ ಬಿಡಿಸುತ್ತಿದ್ದ, ಆಪಾ ಆ ಖಾನೆಯ ಮಾಲಿನ ನಂಬರು ಓದುತ್ತಿದ್ದರು, ನಾನು ಕಂಪ್ಯೂಟರಿನ ಪಟ್ಟಿಗೆ ತಾಳೆ ನೋಡುತ್ತಿದ್ದೆ. ಮೂರೂ ಕೂಡಿದ ಮೇಲಷ್ಟೇ ಅಂಟಿಸುತ್ತಿದ್ದೆವು. ಸಾವಕಾರ್ರು ಹೇಳಿದ್ದು ಸುಳ್ಳಲ್ಲ, ಲೇಬಲ್ ಕಿತ್ತ ಕಡೆಯೆಲ್ಲ ಆಕಾಶನೀಲಿ ಎದ್ದು ಹಳೇ ತುಕ್ಕು ಕಂಡಿತು. ನನಗೆ ಹೊಟ್ಟೆ ತಂಪಾಯಿತು.

ಕೆಲಸದ ನಡುವೆ, ಎಲ್ಲರೂ ನಿಂತಿದ್ದಾಗ ಸತ್ಯ ಯಾಕೆ ಹೇಳಲಿಲ್ಲ ಅಂತ ಆಪಾರನ್ನು ಕೇಳಿದೆ.

“ಹೇಳಿದ್ರ ಸುಳ್ಳಿ ಅನ್ನೋರು ಮೇಡಂ,” ಅಂದರು. “ಓದಾಕ ಬರಲ್ಲ ಅಂದ್ರು, ಅಷ್ಟಕ್ಕ ಮುಗೀತು. ಸುಳ್ಳಿ ಅಂದಿದ್ರ ನಾನು ನಾಳಿ ಬರಾಕ ಆಗ್ತಿರಲಿಲ್ಲ.”

ಮರುದಿನ ಅಧಿಕಾರಿಗಳು ಬಂದರು. ಬಣ್ಣ ಎದ್ದದ್ದನ್ನು ಯಾರೂ ಕೇಳಲಿಲ್ಲ. ಒಬ್ಬರು ಲೇಬಲ್ಲುಗಳನ್ನು ನೋಡುತ್ತಾ ಸಿ ಗಲ್ಲಿಯ ಕೊನೆಯವರೆಗೂ ನಡೆದರು. ಸಾವಕಾರ್ರು ಅವರ ಬೆನ್ನ ಹಿಂದೆಯೇ ಹೋಗುತ್ತಾ, ಗಲ್ಲಿ, ರ‍್ಯಾಕು, ಖಾನೆ, ಬಾಣ, ಬಣ್ಣ, ಎಲ್ಲವನ್ನೂ ವಿವರಿಸಿದರು. ‘ನಾವು ಮಾಡಿಸೀವಿ’ ಅಂದರು. ನಾವು ಮೂವರೂ ಮೇಜಿನ ಹತ್ತಿರ ನಿಂತಿದ್ದೆವು. ಅವರ ಕೈ ನಮ್ಮ ಕಡೆ ಒಂದು ಸಲವೂ ತಿರುಗಲಿಲ್ಲ.

ಆಪಾರಿಗೆ ತಪ್ಪಾಯಿತು ಅಂತ ಅವರು ಹೇಳಲೇ ಇಲ್ಲ. ನಾನು ಎರಡು ಸಲ ಮಾತು ತೆಗೆದೆ. ಮೊದಲ ಸಲ ನಕ್ಕರು. ಎರಡನೇ ಸಲ, ಆಕೆಯೇ ಸುಮ್ಮನಿರುವಾಗ ನಿಮಗೇನು ಅಂದರು. ಬೈದದ್ದು ಹತ್ತು ಜನರ ಎದುರು. ಸರಿಪಡಿಸುವ ಒಂದು ಮಾತಿಗೆ ಮಾತ್ರ ಅವರಿಗೆ ಪುರುಸೊತ್ತಿರಲಿಲ್ಲ. ಚೀಟಿಯ ಅಂಕಣ ಅಗಲವಾಯಿತು ಅನ್ನುವುದಷ್ಟೇ ಲಾಭ. ಅದೂ ಕರೂರಿನವರು ಸಿರುಗುಪ್ಪದ ಅಂಗಡಿಗೆ ಹೋಗಿ ಜಗಳ ಮಾಡಿದ ಮೇಲೆ.

ರಂಜಾನಿಗೆ ಆಪಾ ಡಬ್ಬಿ ತುಂಬ ಶಾವಿಗೆ ಹಾಲಿನ ಸುರ್‌ಕುಂಬಾ ತಂದು ಎಲ್ಲರಿಗೂ ಹಂಚಿದರು. ಸಾವಕಾರ್ರ ಟೇಬಲ್ಲಿಗೂ ಒಂದು ಲೋಟ ಇಟ್ಟರು. ಅವರು ಕುಡಿದು, ಚಲೋ ಐತವ್ವ ಅಂದರು. ನನಗೆ ತಡೆಯಲಾಗಲಿಲ್ಲ. ಅವರಿಗೂ ಯಾಕೆ ಕೊಟ್ಟಿರಿ ಅಂತ ಹೊರಗೆ ಬಂದು ಕೇಳಿದೆ.

“ಹಬ್ಬಾ ಅಂತ ಕೊಟ್ಟೀನಿ ಮೇಡಂ,” ಅಂದರು ಆಪಾ. “ಮರ್ತೀನಿ ಅಂತ ಅಲ್ಲ.”

ಖಾಲಿ ಲೋಟ ತರಲು ಒಳಗೆ ಹೋದರು. ಬಸ್ಸಿಗೆ ಹೊತ್ತಾಗಿತ್ತು.