ಬಾಟಲಿಯ ಬೆನ್ನು

ಔಷಧದಂಗಡಿಯ ಅಕ್ಕನಿಗೆ ಊರಿಟ್ಟ ಹೆಸರು ಭೂತಗನ್ನಡಿ ಅಕ್ಕ. ಪ್ರತಿ ಬಾಟಲಿಯ ಹಿಂಬದಿ ಓದಿಯೇ ಮಾರುವವಳು, ಹಸಿರು ಲೋಳೆಸರದ ಜೆಲ್ಲನ್ನು ಮಾತ್ರ ಮುಂದಿನ ಎಲೆಯ ಚಿತ್ರ ನಂಬಿ ಈಜು ಮೇಷ್ಟ್ರಿಗೆ ಕೊಟ್ಟುಬಿಟ್ಟಿದ್ದಳು.

ಮರುದಿನ ಮೇಷ್ಟ್ರು ಬಿಸಿಲಿಗೆ ಬೆಂದ ಬೆನ್ನು ತೋರಿಸಿದರು. “ತಂಪಾಗುತ್ತೆ ಅಂದ್ರಲ್ಲ ಅಕ್ಕಾ, ಉರಿ ತಾಳದೆ ಮನೆಯೆಲ್ಲಾ ಕುಣಿದೆ!”

ಅಕ್ಕ ಜೆಲ್ಲಿನ ಬಾಟಲಿಯ ಹಿಂಬದಿಗೆ ಭೂತಗನ್ನಡಿ ಹಿಡಿದಳು. ಹೆಚ್ಚಿರುವುದನ್ನು ಮೊದಲು ಬರೆಯುವ ಪದಾರ್ಥಗಳ ಪಟ್ಟಿಯಲ್ಲಿ ನೀರಿನ ಹಿಂದೆಯೇ ಆಲ್ಕೋಹಾಲ್ ಇತ್ತು. ಲೋಳೆಸರ ಸುಗಂಧಕ್ಕಿಂತಲೂ ಕೆಳಗೆ, ಹಸಿರು ಬಣ್ಣದ ಪಕ್ಕದಲ್ಲಿ ಮುದುಡಿ ಕೂತಿತ್ತು.

“ನಿಜವಾದ ತಿರುಳಿಗೆ ಬಣ್ಣವೇ ಇರಲ್ಲ ಮೇಷ್ಟ್ರೇ. ಈ ಹಸಿರಿಗೆ ನಾನೇ ಮರುಳಾದೆ.”

“ಭೂತಗನ್ನಡಿ ರಜೆ ಹಾಕಿತ್ತಾ?”

“ಹಾಕಿತ್ತು. ನೀವು ಮೊದಲು ತಣ್ಣೀರಲ್ಲಿ ತೊಳ್ಕೊಳ್ಳಿ.”

ಅಂದಿನಿಂದ ಅವಳ ಕಪಾಟಿನ ಬಾಟಲಿಗಳೆಲ್ಲ ಗಿರಾಕಿಗಳಿಗೆ ಬೆನ್ನು ತೋರಿಸಿಯೇ ನಿಂತಿವೆ. ಭೂತಗನ್ನಡಿಯನ್ನು ದಾರ ಕಟ್ಟಿ ಪಕ್ಕದಲ್ಲೇ ತೂಗುಹಾಕಿದ್ದಾಳೆ.